ಆರು ತಿಂಗಳಲ್ಲಿ ನಾವು ಮಾಡಿದ ಕೆಲಸ: ಪರಸ್ಪರ ಸಮ್ಮತಿಯ ವಿಚ್ಛೇದನದ ನನ್ನ ಅನುಭವ

ನಾನೂ ನನ್ನ ಪತಿಯೂ ಬೇರೆಯಾಗುವುದೆಂದು ತೀರ್ಮಾನಿಸಿದ ಮೇಲೆ ವಕೀಲರು ಸಿದ್ಧಪಡಿಸಿದ ಮೊದಲ ಕರಡು ಅರ್ಜಿಯಲ್ಲಿ ಮಗಳ ವಿಷಯಕ್ಕೆ ಒಂದು ಸಾಲು, ಹಣದ ವಿಷಯಕ್ಕೆ ಎರಡು ಸಾಲು ಇದ್ದವು. ಮಗಳು ತಾಯಿಯ ಬಳಿ ಇರುತ್ತಾಳೆ, ತಂದೆಗೆ ಭೇಟಿಯ ಹಕ್ಕು ಇರುತ್ತದೆ, ಎಲ್ಲ ಹಣಕಾಸಿನ ಬಾಬ್ತುಗಳು ಇತ್ಯರ್ಥವಾಗಿವೆ, ಇಷ್ಟೇ. ನಾನು ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುವವಳಾದ್ದರಿಂದಲೋ ಏನೋ, 'ಇತ್ಯರ್ಥವಾಗಿವೆ' ಎಂಬ ಮಾತಿನ ಹಿಂದೆ ಮೊತ್ತವೂ ದಿನಾಂಕವೂ ಕಾಣದೆ ಸಹಿ ಹಾಕಲು ಮನಸ್ಸು ಒಪ್ಪಲಿಲ್ಲ.

ಮೊದಲು ಕಾಲದ ಲೆಕ್ಕವನ್ನು ಹೇಳುತ್ತೇನೆ. ನಮಗೆ ಅನ್ವಯಿಸಿದ್ದು 1955ರ ಹಿಂದೂ ವಿವಾಹ ಕಾಯ್ದೆಯ 13ಬಿ ಕಲಂ. ಅರ್ಜಿ ಹಾಕುವ ಹೊತ್ತಿಗೆ ದಂಪತಿ ಕನಿಷ್ಠ ಒಂದು ವರ್ಷ ಪ್ರತ್ಯೇಕವಾಗಿ ಬಾಳಿರಬೇಕು. ಅರ್ಜಿ ಸಲ್ಲಿಸಿದ ಆರು ತಿಂಗಳ ನಂತರ, ಹದಿನೆಂಟು ತಿಂಗಳೊಳಗೆ, ಇಬ್ಬರೂ ಮತ್ತೆ ನ್ಯಾಯಾಲಯದ ಮುಂದೆ ನಿಂತು ವಿಚ್ಛೇದನದ ಅಂತಿಮ ಆದೇಶವಾದ ಡಿಕ್ರಿ ಕೋರಬೇಕು. ಅರ್ಜಿ ಸಲ್ಲಿಸುವುದನ್ನು ವಕೀಲರು ಮೊದಲ ಮೋಷನ್ ಎಂದೂ, ಹೀಗೆ ಮತ್ತೆ ಬರುವುದನ್ನು ಎರಡನೆಯ ಮೋಷನ್ ಎಂದೂ ಕರೆಯುತ್ತಾರೆ. ಆರು ತಿಂಗಳ ಕಾಯುವಿಕೆ ಕಡ್ಡಾಯವಲ್ಲ, ಅದನ್ನು ಮನ್ನಾ ಮಾಡಬಹುದು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಅಮರದೀಪ್ ಸಿಂಗ್ ಪ್ರಕರಣದಲ್ಲಿ ಹೇಳಿದೆ ಎಂಬುದನ್ನು ನಾವಿಬ್ಬರೂ ಕೇಳಿ ತಿಳಿದಿದ್ದೆವು. ಆದರೆ ಆ ತೀರ್ಪು ಮನ್ನಾಕ್ಕೆ ಇಟ್ಟ ಷರತ್ತುಗಳಲ್ಲಿ ಒಂದನ್ನು ನಾವು ಗಮನಿಸಿರಲಿಲ್ಲ: ಒಂದು ವರ್ಷದ ಪ್ರತ್ಯೇಕ ವಾಸದ ಜೊತೆಗೆ ಈ ಆರು ತಿಂಗಳೂ ಸೇರಿ, ಒಟ್ಟು ಹದಿನೆಂಟು ತಿಂಗಳು ಮೊದಲ ಮೋಷನ್‌ಗೆ ಮುಂಚೆಯೇ ಕಳೆದಿರಬೇಕು. ನಾನು ಮಗಳೊಂದಿಗೆ ತಾಯಿಯ ಮನೆಗೆ ಬಂದದ್ದು 2021ರ ಮಾರ್ಚ್‌ನಲ್ಲಿ. ಬೆಂಗಳೂರಿನ ಕೌಟುಂಬಿಕ ನ್ಯಾಯಾಲಯದಲ್ಲಿ ಅರ್ಜಿ ಸಲ್ಲಿಸಿದ್ದು 2022ರ ಮೇ ತಿಂಗಳಲ್ಲಿ. ನಡುವೆ ಇದ್ದದ್ದು ಹದಿನಾಲ್ಕು ತಿಂಗಳು. ಹೀಗಾಗಿ ಮನ್ನಾ ಅರ್ಜಿ ಹಾಕುವ ವಿಚಾರವನ್ನೇ ಬಿಟ್ಟೆವು. ಈಗ ನೋಡಿದರೆ ಆ ಆರು ತಿಂಗಳು ಸಿಗದೆ ಹೋಗಿದ್ದರೆ ನಮ್ಮ ಒಪ್ಪಂದ ಕಾಗದದ ಮೇಲಷ್ಟೇ ಉಳಿಯುತ್ತಿತ್ತು.

ಕಾರಣ ನಮ್ಮ ಫ್ಲಾಟ್. ಅದು ಜಂಟಿ ಹೆಸರಿನಲ್ಲಿತ್ತು, ಗೃಹಸಾಲವೂ ಜಂಟಿಯಾಗಿತ್ತು, ಇನ್ನೂ 31 ಲಕ್ಷ ರೂಪಾಯಿ ಬಾಕಿ ಇತ್ತು. ಫ್ಲಾಟ್ ನನ್ನ ಪತಿಗೆ, ಮುಂಗಡವಾಗಿಯೂ ಕಂತುಗಳಲ್ಲಿಯೂ ನಾನು ಹಾಕಿದ್ದ 14 ಲಕ್ಷ ನನಗೆ ವಾಪಸ್ ಎಂದು ಮಾತಾಗಿತ್ತು. ನನಗೆ ಸಂಬಳ ಬರುತ್ತಿದ್ದರಿಂದ ಶಾಶ್ವತ ಜೀವನಾಂಶ ಬೇಡವೆಂದು ನಾನೇ ಬರೆಸಿದ್ದೆ. ಸಾಲವನ್ನು ಅವರೇ ತೀರಿಸುತ್ತಾರೆ ಎಂದು ಅರ್ಜಿಯಲ್ಲಿ ಬರೆದರೆ ಸಾಕೆಂದು ಇಬ್ಬರೂ ನಂಬಿದ್ದೆವು. ಆದರೆ ಬ್ಯಾಂಕ್ ನಮ್ಮ ಅರ್ಜಿಯಲ್ಲಿ ಪಕ್ಷಕಾರನಲ್ಲ. ನಮ್ಮಿಬ್ಬರ ನಡುವಿನ ಒಪ್ಪಂದವೂ ಡಿಕ್ರಿಯೂ ಅದನ್ನು ಕಟ್ಟಿಹಾಕುವುದಿಲ್ಲ. ಅವರು ಮುಂದೊಂದು ದಿನ ಕಂತು ತಪ್ಪಿಸಿದರೆ, ಮನೆಯೂ ಇಲ್ಲದ, ಮದುವೆಯೂ ಇಲ್ಲದ ನನ್ನ ಬಳಿಗೇ ನೋಟಿಸು ಬರುತ್ತಿತ್ತು. ಸಾಲದಿಂದ ನನ್ನ ಹೆಸರನ್ನು ತೆಗೆಯಲು ಬ್ಯಾಂಕಿನವರು ಅವರೊಬ್ಬರ ಆದಾಯವನ್ನು ಹೊಸದಾಗಿ ಪರಿಶೀಲಿಸಿ, ಅದು ಸಾಲದೆಂದು ಹೇಳಿದರು. ಕೊನೆಗೆ ಅವರ ಅಣ್ಣ ಸಹಸಾಲಗಾರರಾಗಿ ಸೇರಿದ ಮೇಲೆ, ಅಕ್ಟೋಬರ್‌ನಲ್ಲಿ, ನನ್ನನ್ನು ಹೊಣೆಯಿಂದ ಬಿಡುಗಡೆ ಮಾಡಿದ ಪತ್ರ ಕೈಗೆ ಬಂತು.

ಇನ್ನೊಂದು ತೊಡಕು ಯಾವುದು ಮೊದಲು, ಯಾವುದು ನಂತರ ಎಂಬುದಾಗಿತ್ತು. ಪರಸ್ಪರ ಸಮ್ಮತಿಯ ಅರ್ಜಿಯಲ್ಲಿ ಡಿಕ್ರಿ ಆಗುವವರೆಗೆ ಯಾರು ಬೇಕಾದರೂ ಸಮ್ಮತಿಯನ್ನು ಹಿಂತೆಗೆದುಕೊಳ್ಳಬಹುದು. ಸುರೇಷ್ಟಾ ದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1991ರಲ್ಲೇ ಇದನ್ನು ಸ್ಪಷ್ಟಪಡಿಸಿದೆ. ಅಂದರೆ ನಾನು ಮೊದಲೇ ಫ್ಲಾಟಿನ ಹಕ್ಕು ಬಿಟ್ಟುಕೊಟ್ಟು, ಆಮೇಲೆ ಅವರು ಮನಸ್ಸು ಬದಲಿಸಿದರೆ ನನ್ನ ಕೈ ಖಾಲಿ. ಅವರು ಪೂರ್ತಿ ಹಣ ಮೊದಲೇ ಕೊಟ್ಟು ನಾನು ಎರಡನೆಯ ಮೋಷನ್‌ಗೆ ಬರದಿದ್ದರೆ ಅವರಿಗೂ ಅದೇ ಗತಿ. ಆದ್ದರಿಂದ 7 ಲಕ್ಷ ಅರ್ಜಿ ಸಲ್ಲಿಸಿದ ದಿನ, ಉಳಿದ 7 ಲಕ್ಷ ಎರಡನೆಯ ಮೋಷನ್ ದಿನ ನ್ಯಾಯಾಧೀಶರ ಮುಂದೆ ಡಿ.ಡಿ. ಮೂಲಕ ಎಂದೂ, ನಾನು ಹಿಂದೆ ಸರಿದರೆ ಮೊದಲ ಕಂತನ್ನು ಮರಳಿಸಬೇಕೆಂದೂ ಬರೆಸಿದೆವು. ಹಕ್ಕು ಬಿಡುಗಡೆ ಪತ್ರವನ್ನು ಅದೇ ವಾರದಲ್ಲಿ, ಡಿಕ್ರಿಗೆ ಎರಡು ದಿನ ಮುಂಚೆ, ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಿದೆವು. ಇನ್ನೂ ಗಂಡ ಹೆಂಡತಿಯಾಗಿರುವಾಗಲೇ ಮಾಡಿದ್ದರಿಂದ ಕುಟುಂಬದೊಳಗಿನ ಪತ್ರಕ್ಕಿರುವ ಮುದ್ರಾಂಕ ಶುಲ್ಕದ ರಿಯಾಯಿತಿಯೂ ಸಿಕ್ಕಿತು. ಆ ಎರಡು ದಿನಗಳ ಅಪಾಯವನ್ನು ನಾನು ತಿಳಿದೇ ಒಪ್ಪಿಕೊಂಡೆ. ಡಿ.ಡಿ.ಯನ್ನು ಬಹಳ ಮುಂಚೆ ತೆಗೆಸಬಾರದು, ಮೂರು ತಿಂಗಳಿಗೆ ಅದರ ಅವಧಿ ಮುಗಿಯುತ್ತದೆ ಎಂಬುದನ್ನು ಅವರಿಗೆ ನೆನಪಿಸಿದ್ದೂ ನಾನೇ.

ಮಗಳ ವಿಷಯ ಮಧ್ಯಸ್ಥಿಕೆ ಕೇಂದ್ರದಲ್ಲಿ ರೂಪ ಪಡೆಯಿತು. ಆಗ ಅವಳಿಗೆ ಎಂಟು ವರ್ಷ. ನಮ್ಮ ಕರಡಿನಲ್ಲಿ 'ಮುಂದೆ ತಾಯಿಯಾಗಲಿ ಮಗುವಾಗಲಿ ಯಾವುದೇ ಜೀವನಾಂಶ ಕೇಳತಕ್ಕದ್ದಲ್ಲ' ಎಂದಿದ್ದ ವಾಕ್ಯವನ್ನು ಮಧ್ಯಸ್ಥಿಕೆಗಾರರು ಓದಿ, 'ನಿಮ್ಮ ಹಕ್ಕನ್ನು ನೀವು ಬಿಡಬಹುದಮ್ಮ, ಮಗುವಿನದನ್ನು ಬಿಡಲು ನೀವ್ಯಾರು?' ಎಂದು ಕೇಳಿ, ಪೆನ್ನಿನಿಂದ 'ಮಗುವಾಗಲಿ' ಎಂಬುದನ್ನು ಹೊಡೆದುಹಾಕಿದರು. ಮಕ್ಕಳ ಸುಪರ್ದಿ, ಪೋಷಣೆ, ವಿದ್ಯಾಭ್ಯಾಸದ ಆದೇಶಗಳನ್ನು ಅದೇ ಕಾಯ್ದೆಯ 26ನೆಯ ಕಲಮಿನ ಕೆಳಗೆ ಡಿಕ್ರಿಯ ನಂತರವೂ ಬದಲಿಸಬಹುದು ಎಂದು ಅವರೇ ವಿವರಿಸಿದರು. ಹಾಗಿದ್ದರೂ ಮೊದಲೇ ವಿವರವಾಗಿ ಬರೆಯುವುದರಿಂದ ಪ್ರತಿ ಹಬ್ಬಕ್ಕೂ ಜಗಳವಾಡುವುದು ತಪ್ಪುತ್ತದೆ ಎಂಬುದು ಅವರ ಮಾತು. 'ಭೇಟಿಯ ಹಕ್ಕು' ಎಂಬ ಎರಡು ಪದಗಳ ಜಾಗದಲ್ಲಿ ಎರಡನೆಯ ಮತ್ತು ನಾಲ್ಕನೆಯ ಶನಿವಾರ ಬೆಳಿಗ್ಗೆ ಹತ್ತರಿಂದ ಭಾನುವಾರ ಸಂಜೆ ಆರರವರೆಗೆ, ದಸರಾ ಮತ್ತು ಬೇಸಿಗೆ ರಜೆಯ ಅರ್ಧ, ಕರೆದೊಯ್ಯುವುದೂ ತಂದುಬಿಡುವುದೂ ನನ್ನ ತಾಯಿಯ ಮನೆಯ ಗೇಟಿನ ಬಳಿ, ಮಗುವಿಗೆ ಜ್ವರವಿದ್ದರೆ ಆ ಭೇಟಿ ಮುಂದಿನ ಶನಿವಾರಕ್ಕೆ ಎಂದು ಬಂತು. ಗೇಟಿನ ಮಾತು ಅತಿಯಾಯಿತೆಂದು ನನ್ನ ಪತಿ ನಕ್ಕರು. ನನ್ನ ತಾಯಿಗೂ ಅವರಿಗೂ ಮಾತಿಲ್ಲದ ಆ ದಿನಗಳಲ್ಲಿ ಅದೇ ನಮ್ಮನ್ನು ಕಾಪಾಡಿತು. ಮಗಳ ಪೋಷಣೆಗೆ ಅವರು ತಿಂಗಳಿಗೆ 12,000 ರೂಪಾಯಿ ಕೊಡುವುದು, ಪ್ರತಿ ಜೂನ್‌ನಲ್ಲಿ ಶೇಕಡಾ 10 ಏರಿಕೆ ಎಂದು ನಿಗದಿಯಾಯಿತು. ಶಾಲೆಯ ಶುಲ್ಕವನ್ನು ಆ ಮೊತ್ತದೊಳಗೆ ಸೇರಿಸದೆ, ಅರ್ಧ ಪಾಲನ್ನು ಅವರು ನೇರವಾಗಿ ಶಾಲೆಗೇ ಕಟ್ಟುವುದೆಂದು ಬೇರೆಯಾಗಿಯೇ ಬರೆಸಿದೆ, ಏಕೆಂದರೆ ಶುಲ್ಕ ಶೇಕಡಾ 10ರ ಲೆಕ್ಕಕ್ಕೆ ಕಾಯುವುದಿಲ್ಲ.

ನವೆಂಬರ್ ಕೊನೆಯ ವಾರದ ವಾಯಿದೆಯಲ್ಲಿ ನ್ಯಾಯಾಧೀಶರು ನಮ್ಮಿಬ್ಬರನ್ನೂ ಒಬ್ಬೊಬ್ಬರಾಗಿ ಕೇಳಿದ್ದು ಕೆಲವೇ ಪ್ರಶ್ನೆ: ಒತ್ತಾಯವೇನಾದರೂ ಇದೆಯೇ, ಷರತ್ತುಗಳನ್ನು ಓದಿಕೊಂಡಿದ್ದೀರಾ, ಹಣ ತಲುಪಿತೇ. ಡಿ.ಡಿ.ಯ ಸಂಖ್ಯೆಯನ್ನು ದಾಖಲೆಗೆ ಬರೆದುಕೊಂಡರು. ಹತ್ತು ನಿಮಿಷವೂ ಆಗಲಿಲ್ಲ.

ಇಷ್ಟೆಲ್ಲ ಬರೆದೂ ಮರೆತದ್ದು ಮಗಳ ಪಾಸ್‌ಪೋರ್ಟ್. ಎರಡು ವರ್ಷದ ನಂತರ ಅದಕ್ಕೆ ಅರ್ಜಿ ಹಾಕುವಾಗ ಅವರ ಸಹಿ ಬೇಕಾಯಿತು, ಒಪ್ಪಂದದಲ್ಲಿ ಅದರ ಸುದ್ದಿಯೇ ಇರಲಿಲ್ಲ. ಆ ತಿಂಗಳ ನಾಲ್ಕನೆಯ ಶನಿವಾರ ಗೇಟಿನ ಬಳಿ ಅರ್ಜಿಯ ಕಾಗದಗಳನ್ನು ಹಿಡಿದು ನಿಂತಿದ್ದೆ. ಅವರು ಕಾರಿನ ಬಾನೆಟ್ ಮೇಲಿಟ್ಟು ಸಹಿ ಮಾಡಿಕೊಟ್ಟರು.