ಗೆಳತಿಯ ಫೈಲಿನಲ್ಲಿ ಮುಗಿಯದೆ ಉಳಿದ ಒಂದು ಕೆಲಸ

ವೈಕುಂಠ ಸಮಾರಾಧನೆ ಮುಗಿಯುವವರೆಗೂ ಸಾವಿನ ಮನೆಯಲ್ಲಿ ಜನ ತುಂಬಿರುತ್ತಾರೆ. ಆಮೇಲೆ ಬರುವುದು ಫೋನು ಮಾತ್ರ. ಎಲ್ಲರೂ ಕೇಳುವುದು "ಹೇಗಿದ್ದೀಯಮ್ಮಾ?" ಅಂತ. ಅವರಿಗೆ ಸಿಗುವ ಉತ್ತರ "ಚೆನ್ನಾಗಿದ್ದೀನಿ."

ನಾನು ಬೆಂಗಳೂರಿನ ಒಂದು ಆಸ್ಪತ್ರೆಯ ಉಪಶಮನ ವಿಭಾಗದಲ್ಲಿ ಕೌನ್ಸೆಲರ್. ಈ ಉತ್ತರವನ್ನು ಜಾಸ್ತಿಯೇ ಕೇಳಿದ್ದೇನೆ. ಆದರೆ ಇಲ್ಲಿ ಹೇಳಹೊರಟಿರುವುದು ರೋಗಿಗಳ ಮನೆಯವರ ಕಥೆಯಲ್ಲ, ಬನಶಂಕರಿಯಲ್ಲಿರುವ ನನ್ನ ಕಾಲೇಜು ಗೆಳತಿಯದು. ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ. ಅವಳ ಗಂಡ ಹೃದಯಾಘಾತದಲ್ಲಿ ಹೋದರು. ಸ್ನೇಹಿತರಿಗೆ ನಾವು ಕೌನ್ಸೆಲಿಂಗ್ ಮಾಡುವುದಿಲ್ಲ. ಹಾಗಾಗಿ ಯಾವ ಸ್ನೇಹಿತೆ ಬೇಕಾದರೂ ಮಾಡಬಹುದಾದಷ್ಟನ್ನೇ ನಾನೂ ಮಾಡಿದೆ.

ಆ ಮನೆಯಲ್ಲಿ ಮೂವರಿದ್ದರು, ಮೂವರೂ ಚೆನ್ನಾಗಿದ್ದರು! ಅತ್ತೆ ನನ್ನನ್ನು ಅಡುಗೆಮನೆಗೆ ಕರೆದು, "ನಾನು ಅತ್ತರೆ ಅವಳು ಕುಸಿದುಬಿಡ್ತಾಳೆ ಕಣಮ್ಮಾ, ಅದಕ್ಕೇ ದೇವರ ಮನೆ ಬಾಗಿಲು ಹಾಕ್ಕೊಂಡು ಅಳ್ತೀನಿ" ಅಂದರು. ಪಿಯುಸಿ ಓದುವ ಮಗ "ಅಮ್ಮ ಓಕೆ ಆಂಟಿ, ನಾನೂ ಓಕೆ" ಅಂದ. ಗೆಳತಿ, "ಈ ವಯಸ್ಸಲ್ಲಿ ಅತ್ತೆಗೆ ಪುತ್ರಶೋಕ, ಇವನಿಗೆ ಪರೀಕ್ಷೆ. ನಾನು ಚೆನ್ನಾಗಿರಲೇಬೇಕಲ್ವಾ?" ಅಂದಳು. ದುಃಖದಲ್ಲಿರುವವರು ಹಾಗೆ ಹೇಳುವುದಕ್ಕೆ ನಾನು ಅತಿ ಹೆಚ್ಚಾಗಿ ಕಂಡ ಕಾರಣ ಇದೇ. ಅವರು ಸುಳ್ಳು ಹೇಳುತ್ತಿರುವುದಿಲ್ಲ, ಎದುರಿಗಿರುವವರನ್ನು ಕಾಯುತ್ತಿರುತ್ತಾರೆ. ಲಿಫ್ಟಿನಲ್ಲಿ ಸಿಕ್ಕವರು "ಹೇಗಿದ್ದೀರಾ" ಅಂದಾಗಲೂ ಅಷ್ಟೇ. ಮೂರನೇ ಮಹಡಿ ಬರುವುದರೊಳಗೆ ಇನ್ನೇನು ಹೇಳಲಿಕ್ಕಾಗುತ್ತದೆ?

ನಮ್ಮ ಕಾಲೇಜು ಗುಂಪಿನಲ್ಲಿ ಒಬ್ಬಳು "ಅವಳು ಡಿನಯಲ್‌ನಲ್ಲಿದ್ದಾಳೆ" ಅಂತ ತೀರ್ಪು ಕೊಟ್ಟಳು. ದುಃಖಕ್ಕೆ ಐದು ಹಂತ ಇದೆ, ಮೊದಲನೆಯದು ನಿರಾಕರಣೆ ಅನ್ನುವ ಮಾತು ಈಗ ಎಲ್ಲರ ಬಾಯಲ್ಲೂ ಇದೆ. ಮನೋವೈದ್ಯೆ ಎಲಿಸಬೆತ್ ಕೂಬ್ಲರ್-ರಾಸ್ 1969ರಲ್ಲಿ ಆ ಹಂತಗಳನ್ನು ಬರೆದದ್ದು ಸಾವಿನ ಹತ್ತಿರ ಇದ್ದ ರೋಗಿಗಳನ್ನು ಮಾತಾಡಿಸಿ. ಸಾವಿನ ನಂತರ ಉಳಿದವರ ದುಃಖ ಹಾಗೆ ಮೆಟ್ಟಿಲು ಹತ್ತಿಕೊಂಡು ಹೋಗುವುದಿಲ್ಲ. ನನ್ನ ಕೆಲಸದಲ್ಲಿ ಜಾಸ್ತಿ ಉಪಯೋಗಕ್ಕೆ ಬಂದಿರುವುದು ಮನಶ್ಶಾಸ್ತ್ರಜ್ಞರಾದ ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಶುಟ್ 1999ರಲ್ಲಿ ಹೇಳಿದ ಮಾತು. ಮನಸ್ಸು ಸ್ವಲ್ಪ ಹೊತ್ತು ಹೋದವರ ಕಡೆ ಇರುತ್ತದೆ, ಸ್ವಲ್ಪ ಹೊತ್ತು ಬದುಕಿನ ಕೆಲಸಗಳ ಕಡೆ ಬರುತ್ತದೆ, ಮತ್ತೆ ಹಿಂದೆ ಹೋಗುತ್ತದೆ. ಈ ಓಡಾಟವೇ ಅದು ಸುಧಾರಿಸಿಕೊಳ್ಳುವ ರೀತಿ. ಅಂದರೆ ಮಧ್ಯಾಹ್ನ ಬ್ಯಾಂಕಿನಲ್ಲಿ ಕೂತು "ಚೆನ್ನಾಗಿದ್ದೀನಿ" ಅಂದಾಗ ಅವಳು ನಿಜವಾಗಿಯೂ ಚೆನ್ನಾಗಿರಬಹುದು. ರಾತ್ರಿ ಹನ್ನೊಂದಕ್ಕೆ ಇರಲಿಕ್ಕಿಲ್ಲ.

ಹಾಗಾಗಿ ನಾನು ಅವಳ ಉತ್ತರವನ್ನು ಒಡೆದು ನೋಡಲು ಹೋಗಲಿಲ್ಲ. "ನೀನು ಚೆನ್ನಾಗಿಲ್ಲ ಅಂತ ನಂಗೊತ್ತು" ಅಂದರೆ ಅವಳು ನನ್ನ ಎದುರಿಗೂ ಕಾವಲು ಕೂರಬೇಕಾಗುತ್ತದೆ. ಅದರ ಬದಲು ಅವಳ ಜೊತೆ ಕಾಗದಪತ್ರದ ಕೆಲಸಕ್ಕೆ ಓಡಾಡಿದೆ. ಗಂಡ ಹೋದ ಮೇಲೆ ಈ ಊರಿನಲ್ಲಿ ಕೆಲಸಕ್ಕೇನು ಬರ: ಮರಣ ಪ್ರಮಾಣಪತ್ರ, ನಾಡಕಚೇರಿಯಲ್ಲಿ ವಂಶವೃಕ್ಷ, ಎಲ್‌ಐಸಿ, ಬ್ಯಾಂಕು, ಮನೆಯ ಖಾತಾ, ಬೆಸ್ಕಾಂ ಬಿಲ್ಲಿನ ಹೆಸರು. ಅವಳು ಒಂದು ನೀಲಿ ಫೈಲು ಮಾಡಿ, ಒಂದೊಂದಕ್ಕೂ ಚೀಟಿ ಅಂಟಿಸಿ, ಮುಗಿದದ್ದಕ್ಕೆ ಹಸಿರು ಗೆರೆ ಎಳೆಯುತ್ತಿದ್ದಳು. ಎಲ್ಲರೂ "ಎಷ್ಟು ಗಟ್ಟಿ ಹೆಂಗಸು" ಅಂದರು. ಕೌಂಟರಿನಲ್ಲಿ ಕಾಯುವಾಗ, ಸ್ಕೂಟರಿನಲ್ಲಿ ಹೋಗುವಾಗ ಇಬ್ಬರೂ ಮುಖ ನೋಡಿಕೊಂಡು ಕೂತಿರುವುದಿಲ್ಲ. ಮಾತು ತಾನಾಗಿ ಬರುತ್ತದೆ, ಬರದಿದ್ದರೂ ಮುಜುಗರವಿಲ್ಲ.

ಹಸಿರು ಗೆರೆಗಳು ಹೆಚ್ಚಾದಾಗ ನನ್ನ ಕಣ್ಣಿಗೆ ಬಿದ್ದದ್ದು ಗೆರೆ ಇಲ್ಲದ ಒಂದು ಚೀಟಿ. ಗಂಡನ ಮೊಬೈಲ್ ನಂಬರು. ಗ್ಯಾಸ್ ಬುಕಿಂಗು, ಬ್ಯಾಂಕು, ಎಲ್ಲದರ ಓಟಿಪಿ ಅದಕ್ಕೇ ಬರುತ್ತಿತ್ತು. ಎಲ್ಲಕ್ಕಿಂತ ಮೊದಲು ಸರಿ ಮಾಡಿಕೊಳ್ಳಬೇಕಾದ ಕೆಲಸ ಅದು. ನಾನು ಕೇಳಿದಾಗೆಲ್ಲ "ಆಮೇಲೆ ನೋಡೋಣ ಬಿಡು" ಅನ್ನುತ್ತಿದ್ದಳು. ಖಾತಾದಂಥ ತಲೆನೋವನ್ನೇ ಮುಗಿಸಿದವಳು ಇದನ್ನು ಮಾತ್ರ ಮುಂದೂಡುತ್ತಿದ್ದಳು. ಓದಬೇಕಾದ ಸಾಲು ಇದು ಅಂತ ನನಗೆ ಅನಿಸಿತು. ಅಳು, ಸಪ್ಪೆ ಮುಖ ಹುಡುಕಬೇಡಿ. ಎಲ್ಲ ಕೆಲಸವನ್ನೂ ಸರಾಗವಾಗಿ ಮಾಡುವವರು ಯಾವ ಒಂದನ್ನು ಮುಟ್ಟುತ್ತಿಲ್ಲ ಅನ್ನುವುದನ್ನು ನೋಡಿ.

ಆಮೇಲೂ ನಾನು "ಯಾಕೆ ಮಾಡಿಸ್ತಿಲ್ಲ?" ಅಂತ ಕೇಳಲಿಲ್ಲ. ಯಾಕೆ ಅಂದ ಕೂಡಲೇ ಜನ ಸಮರ್ಥನೆ ಕೊಡಲು ಶುರು ಮಾಡುತ್ತಾರೆ. ಒಂದು ಸಂಜೆ ಅವಳ ಮನೆಯಲ್ಲಿ ಅವರೆಕಾಯಿ ಬಿಡಿಸುತ್ತಾ, ಆ ಫೋನು ಚಾರ್ಜಿಗೆ ಹಾಕಿದ್ದನ್ನು ನೋಡಿ, ಅವಳ ಗಂಡನ ಹೆಸರು ಹಿಡಿದು, "ಅವರ ಫೋನಿನಲ್ಲಿ ಏನೇನಿದೆ?" ಅಂದೆ, ಅಷ್ಟೆ. ಅವಳು ಕಾಯಿ ಬಿಡಿಸುತ್ತಲೇ ಇದ್ದಳು. ಸುಮ್ಮನಿರುವುದು ಕಷ್ಟ, ಆದರೂ ನಾನು ಸುಮ್ಮನಿದ್ದೆ. ಆಮೇಲೆ ಹೇಳಿದಳು: "ವಾಯ್ಸ್ ಮೆಸೇಜ್ ಇದೆ ಕಣೇ. ಹಾಲು ತರ್ಲಾ, ಮೊಸರು ತರ್ಲಾ ಅಂತ. ರೀಚಾರ್ಜ್ ನಿಲ್ಲಿಸಿದ್ರೆ ನಂಬರು ಬೇರೆಯವರಿಗೆ ಕೊಟ್ಟುಬಿಡ್ತಾರಂತೆ. ಯಾರೋ ಎತ್ತಿ ಹಲೋ ಅಂದ್ರೆ?" ಸಮಾರಾಧನೆ ಆದ ಮೇಲೆ ಅವರ ಹೆಸರು ಹಿಡಿದು ಮಾತಾಡಿದ್ದು ನೀನೊಬ್ಬಳೇ ಅಂತಲೂ ಹೇಳಿದಳು. ಉಳಿದವರು ನೋವಾಗುತ್ತದೆ ಅಂತ ಹೆಸರನ್ನೇ ಬಿಟ್ಟಿದ್ದರು.

ಆ ಹೊತ್ತಿಗೆ ಸಮಾಧಾನದ ಮಾತು ಬೇಕಿರಲಿಲ್ಲ. ಮೆಸೇಜುಗಳನ್ನು ಮಗನಿಂದ ಲ್ಯಾಪ್‌ಟಾಪಿಗೆ ಹಾಕಿಸಿದೆವು. ವಾಟ್ಸಾಪ್ ಖಾತೆಯನ್ನು 120 ದಿನ ಬಳಸದಿದ್ದರೆ ಸಾಮಾನ್ಯವಾಗಿ ಅಳಿಸಿಹಾಕುತ್ತಾರೆ, ಅದಕ್ಕೇ ಅದನ್ನು ಮೊದಲು ಮಾಡಿದ್ದು. ಗ್ಯಾಸು, ಬ್ಯಾಂಕು ಅವಳ ನಂಬರಿಗೆ ಬಂದವು. ಆ ಸಿಮ್ಮು ಮಾತ್ರ ಹಾಗೇ ಇದೆ, ರೀಚಾರ್ಜ್ ಮಾಡುತ್ತಾಳೆ. ಅದರಲ್ಲಿ ನನಗೇನೂ ತಪ್ಪು ಕಾಣುವುದಿಲ್ಲ.

"ಏನಾದ್ರೂ ಬೇಕಿದ್ರೆ ಹೇಳು" ಅನ್ನುವುದನ್ನು ನಾನು ಬಿಟ್ಟೇಬಿಟ್ಟಿದ್ದೇನೆ. ಏನು ಬೇಕು ಅಂತ ಯೋಚಿಸುವ ಕೆಲಸವನ್ನೂ ಅದು ಅವರ ತಲೆಗೇ ಹಾಕುತ್ತದೆ. "ಗುರುವಾರ ಸಂಜೆ ಬರ್ತೀನಿ, ಚಪಾತಿ ಪಲ್ಯ ತರ್ತೀನಿ, ಬೇಡ ಅನಿಸಿದ್ರೆ ಒಂದು ಮೆಸೇಜ್ ಹಾಕು" ಅಂದರೆ ಅವರು ಸುಮ್ಮನಿದ್ದರೂ ಕೆಲಸ ಆಗುತ್ತದೆ. "ಹೇಗಿದ್ದೀಯಾ" ಬದಲು "ನಿನ್ನೆ ಎಷ್ಟು ಹೊತ್ತಿಗೆ ನಿದ್ದೆ ಬಂತು?" ಅಂತ ಕೇಳುತ್ತೇನೆ. ಅದಕ್ಕೆ "ಚೆನ್ನಾಗಿದ್ದೀನಿ" ಅನ್ನಲಿಕ್ಕಾಗುವುದಿಲ್ಲ.

ಇದಕ್ಕೆ ಮಿತಿಯಿದೆ. ಆರು ತಿಂಗಳು ಕಳೆದ ಮೇಲೂ ಹಂಬಲ ದಿನವಿಡೀ ಹಿಂಡುತ್ತಾ, ಕೆಲಸ, ಊಟ, ಮನೆ ಯಾವುದೂ ನಡೆಯದಂತಾದರೆ ಅದು ಸ್ನೇಹಿತೆಯಿಂದ ಆಗುವ ಕೆಲಸವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಅನ್ನುವ ಕಾಯಿಲೆಗಳ ಪಟ್ಟಿಯಲ್ಲಿ ದೀರ್ಘಕಾಲದ ದುಃಖದ ಸಮಸ್ಯೆಗೆ ಇಟ್ಟಿರುವ ಗಡುವು ಕನಿಷ್ಠ ಆರು ತಿಂಗಳು. ಆಗ ನಿಮ್ಹಾನ್ಸ್‌ಗೋ ಹತ್ತಿರದ ಮನೋವೈದ್ಯರ ಬಳಿಗೋ ಜೊತೆಗೆ ಹೋಗಬೇಕು. "ನಾನೂ ಹೋಗಿದ್ರೆ ಚೆನ್ನಾಗಿತ್ತು" ಅನ್ನುವ ಮಾತು ಬಂದರೆ, ತಮ್ಮ ವಸ್ತುಗಳನ್ನೆಲ್ಲ ಹಂಚತೊಡಗಿದರೆ, ಆರು ತಿಂಗಳು ಕಾಯುವ ಹಾಗೇ ಇಲ್ಲ. ಸಾಯಬೇಕು ಅನಿಸುತ್ತಿದೆಯಾ ಅಂತ ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416 ದಿನದ ಯಾವ ಹೊತ್ತಿನಲ್ಲೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ನನ್ನ ಗೆಳತಿಯನ್ನೂ ಹಾಗೆ ಕೇಳಿದ್ದೆ. "ಇಲ್ಲ ಕಣೇ, ಸಾಯೋ ಯೋಚನೆ ಇಲ್ಲ. ಬೆಳಿಗ್ಗೆ ಏಳೋಕೇ ಮನಸ್ಸಿಲ್ಲ, ಅಷ್ಟೇ" ಅಂದಳು. ಹಾಗಾಗಿ ಈಗ ಬೆಳಿಗ್ಗೆ ಆರೂವರೆಗೆ ನಾನು ವಾಕಿಂಗ್ ಹೊರಟಾಗ ಅವಳಿಗೆ ಫೋನು ಮಾಡುತ್ತೇನೆ. ಅರ್ಧ ದಿನ ಅವಳೇ ನನಗಿಂತ ಮುಂಚೆ ಮಾಡಿ, ಇನ್ನೂ ಎದ್ದಿಲ್ವಾ ಅಂತ ಬೈಯುತ್ತಾಳೆ.