ಸಿಗ್ನಲ್‌ನ್ಯಾಗ ಸ್ಕೂಟರ್ ಬಂದ್ ಆಗ್ತದ, ಮೊದಲ ಮೀಟರ್‌ನ್ಯಾಗಿನ ಐಡಲ್ ಸ್ಟಾಪ್ ಲೈಟ್ ನೋಡ್ರಿ

ನಮ್ಮ ಚಿಕ್ಕಮ್ಮ ಹೊಸ 125 ಸಿಸಿ ಸ್ಕೂಟರ್ ತಗೊಂಡ ಮ್ಯಾಲ ಒಂದೇ ದೂರು, ಜಗತ್ ಸರ್ಕಲ್ ಸಿಗ್ನಲ್‌ಗೆ ನಿಂತ್ರ ಇಂಜಿನ್ ತಾನೇ ಬಂದ್ ಬೀಳ್ತದ ಅಂತ. ಮೆಕ್ಯಾನಿಕ್ ಒಬ್ರು ನೋಡದೇ ಪ್ಲಗ್ ಬದಲ್ ಮಾಡ್ಬೇಕು ಅಂದಿದ್ರಂತ. ನಾನೇ ಒಂದ್ಸಲ ಓಡಿಸಿ ನೋಡ್ತೀನಿ ಅಂತ ಮುಂಜಾನಿ ಗಾಡಿ ತಗೊಂಡು ಹೊಂಟೆ.

ಮೊದಲ್ನೇ ಸಿಗ್ನಲ್‌ಗೆ ಏನೂ ಆಗ್ಲಿಲ್ಲ, ಗಾಡಿ ನಿಂತಾಗ ಇಂಜಿನ್ ತಾನೇ ಬಂದ್ ಮಾಡೋ ಐಡಲ್ ಸ್ಟಾಪ್ ಸಿಸ್ಟಮ್‌ನ ಲೈಟೂ ಮೀಟರ್‌ನ್ಯಾಗ ಇರ್ಲಿಲ್ಲ, ಯಾಕಂದ್ರ ಇಂಜಿನ್ ಇನ್ನಾ ತಣ್ಣಗಿತ್ತು. ಇಂಜಿನ್ ಕಾಯ್ಬೇಕು, ಗಾಡಿ ಒಂದ್ಸಲ ಸುಮಾರು 10 ಕಿಮೀ ಸ್ಪೀಡ್ ದಾಟಿರ್ಬೇಕು, ಆಗಷ್ಟೇ ಅದು ರೆಡಿ ಆಗೋದು. ಸ್ವಲ್ಪ ದೂರ ಹೋದ ಮ್ಯಾಲ ಲೈಟ್ ಹತ್ತಿ ಹಂಗೇ ನಿಂತ್ಕೊಂತು. ಎಸ್‌ವಿಪಿ ಸರ್ಕಲ್‌ನ್ಯಾಗ ಪೂರಾ ನಿಂತು ಎಕ್ಸಲೇಟರ್ ಬಿಟ್ಟೆ, ಒಂದೆರಡು ಮೂರು ಸೆಕೆಂಡ್‌ನ್ಯಾಗ ಇಂಜಿನ್ ಬಂದ್, ಲೈಟ್ ಮಿಣಿಮಿಣಿ ಅನ್ಲಿಕತ್ತಿತು. ಎಕ್ಸಲೇಟರ್ ಸ್ವಲ್ಪ ತಿರುವಿದ ಕೂಡ್ಲೇ ಸದ್ದಿಲ್ದೇ ಚಾಲೂ ಆತು. ಸೆಲ್ಫ್ ಬಟನ್ ಒತ್ತೋದೇ ಬ್ಯಾಡ.

ಮಿಣುಕ್ತಿದ್ರ ಗಾಡೀನೇ ಬೇಕಂತ ಬಂದ್ ಮಾಡ್ಯಾದ ಅಂತ ತಿಳ್ಕೋರಿ, ನಿಂತಲ್ಲಿ ಸುಮ್ನ ಪೆಟ್ರೋಲ್ ಸುಡಬಾರ್ದು ಅಂತ. ಲೈಟ್ ಇಲ್ದೇನೇ ಬಂದ್ ಬಿದ್ರ ಅದು ಬೇರೆ ಕಥಿ. ಖಾತ್ರಿ ಮಾಡ್ಕೊಳ್ಳಿಕ್ಕೆ ಬಲಗೈ ಕಡೆ ಇರೋ ಐಡಲ್ ಸ್ಟಾಪ್ ಸ್ವಿಚ್ ಆಫ್ ಮಾಡಿ ಅದೇ ರೋಡ್‌ನ್ಯಾಗ ವಾಪಸ್ ಬಂದೆ, ಒಂದ್ ಸಿಗ್ನಲ್‌ನ್ಯಾಗೂ ಬಂದ್ ಬೀಳ್ಲಿಲ್ಲ. ಸ್ವಿಚ್ ಆಫ್ ಇದ್ರೂ ಬಂದ್ ಬಿದ್ದಿದ್ರ ಆಗ ಏರ್ ಫಿಲ್ಟರ್, ಪ್ಲಗ್, ಐಡಲಿಂಗ್ ಚೆಕ್ ಮಾಡ್ಸೋದಿತ್ತು. "ಹಂಗಾರ ಪ್ಲಗ್ ಬ್ಯಾಡೇನೋ?" ಅಂದ್ಳು ಚಿಕ್ಕಮ್ಮ. ಬ್ಯಾಡ ಅಂದೆ.

ನನ್ನ ಸ್ವಂತ ಗಾಡ್ಯಾಗ ಉಲ್ಟಾ ಆಗಿತ್ತು, ಸ್ವಿಚ್ ಆನ್ ಇದ್ರೂ ಸಿಗ್ನಲ್‌ನ್ಯಾಗ ಇಂಜಿನ್ ಬಂದ್ ಆಗೋದೇ ನಿಂತಿತ್ತು, ಲೈಟೂ ಹತ್ತವಲ್ದು. ರಾತ್ರಿಯೆಲ್ಲ ನಿಲ್ಸಿದ ಗಾಡಿ ಬ್ಯಾಟರಿಗೆ ಮೀಟರ್ ಹಚ್ಚಿದ್ರ 12.1 ವೋಲ್ಟ್ ತೋರ್ಸ್ತು, ಚಲೋ ಬ್ಯಾಟರಿ ಇದ್ರ 12.6 ಆಜುಬಾಜು ಇರ್ಬೇಕು. ಬ್ಯಾಟರಿ ವೀಕ್ ಇದ್ರ ಸಿಸ್ಟಮ್ ಇಂಜಿನ್ ಬಂದ್ ಮಾಡಂಗಿಲ್ಲ, ಯಾಕಂದ್ರ ಬಂದ್ ಮಾಡಿದ್ರ ಮತ್ತ ಚಾಲೂ ಆಗೋ ಗ್ಯಾರಂಟಿ ಇಲ್ಲ. ಚಾರ್ಜ್ ಮಾಡ್ಸಿದ ಮ್ಯಾಲ ಲೈಟ್ ಮತ್ತ ಬಂತು.

ಸೂಪರ್ ಮಾರ್ಕೆಟ್ ಗದ್ದಲದಾಗ ಎರಡು ಹೆಜ್ಜಿಗೊಮ್ಮೆ ನಿಲ್ಲೋವಾಗ ನಾನು ಸ್ವಿಚ್ ಆಫ್ ಇಡ್ತೀನಿ, ಅಲ್ಲಿ ಉಳಿತಾಯಕ್ಕಿಂತ ಕಿರಿಕಿರೀನೇ ಜಾಸ್ತಿ. ಉದ್ದನೆ ಸಿಗ್ನಲ್ ಇರೋ ಕಡೆ ಆನ್.

ಚಿಕ್ಕಮ್ಮಗ ಒತ್ತಿ ಹೇಳಿದ್ದು ಒಂದೇ, ಲೈಟ್ ಮಿಣುಕುವಾಗ ಗಾಡಿ ಬಂದ್ ಐತಿ ಅಂತ ಚಾವಿ ಹಂಗೇ ಬಿಟ್ಟು ಅಂಗಡಿಗೆ ಇಳೀಬ್ಯಾಡ, ಬ್ಯಾಟರಿ ಇಳೀತದ, ಮ್ಯಾಲ ಕೂಸು ಎಕ್ಸಲೇಟರ್ ತಿರುವಿದ್ರ ಗಾಡಿ ಚಾಲೂ ಆಗಿ ಮುಂದ ಹಾರ್ತದ.