ಪಾಸ್‌ಬುಕ್ಕಿಗೂ ಟ್ಯಾಲಿಗೂ ₹30,845 ವ್ಯತ್ಯಾಸ: ಜೋಡಿ ಸಿಗದ ಎಂಟ್ರಿ ಹುಡುಕಿದ್ದು ಹೀಗೆ

ಮಂಡ್ಯದ ಒಂದು ಬೆಲ್ಲದ ಮಂಡಿಯ ಮಾರ್ಚ್ ತಿಂಗಳ ಲೆಕ್ಕ ಇದು. 31ಕ್ಕೆ ಟ್ಯಾಲಿಯ ಬ್ಯಾಂಕ್ ಖಾತೆಯಲ್ಲಿ ₹4,18,640 ಇತ್ತು, ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ₹4,49,485. ವ್ಯತ್ಯಾಸ ₹30,845. ಈ ಮೊತ್ತದ ಎಂಟ್ರಿಯೇ ಎಲ್ಲೋ ಬಿಟ್ಟುಹೋಗಿರಬೇಕು ಅಂತ ಹುಡುಕಲು ಕೂತರೆ ದಿನ ವ್ಯರ್ಥ. ವ್ಯತ್ಯಾಸ ಸಾಮಾನ್ಯವಾಗಿ ನಾಲ್ಕೈದು ಬಾಬ್ತುಗಳ ಕೂಡು-ಕಳೆ ಆಗಿರುತ್ತದೆ.

ಮೊದಲು ಫೆಬ್ರವರಿಯಲ್ಲಿ ಜೋಡಿ ಸಿಗದೆ ಉಳಿದಿದ್ದ ಎಂಟ್ರಿಗಳನ್ನು ಮಾರ್ಚಿನ ಪಟ್ಟಿಯ ಮೇಲೆ ಸೇರಿಸಿಕೊಂಡೆ. ಇದನ್ನು ಬಿಟ್ಟರೆ ಹಳೇ ಚೆಕ್ಕುಗಳೆಲ್ಲ ಹೊಸ ತಪ್ಪುಗಳಂತೆ ಕಾಣುತ್ತವೆ. ಆಮೇಲೆ ಎಕ್ಸೆಲ್‌ನಲ್ಲಿ ಸ್ಟೇಟ್‌ಮೆಂಟನ್ನು `bank` ಹಾಳೆಗೂ ಟ್ಯಾಲಿಯ ಲೆಡ್ಜರನ್ನು `book` ಹಾಳೆಗೂ ಹಾಕಿ, ಎರಡರಲ್ಲೂ C ಕಾಲಂನಲ್ಲಿ ಬಂದ ಹಣವನ್ನು ಹಾಗೇ, ಹೋದ ಹಣವನ್ನು ಮೈನಸ್ ಚಿಹ್ನೆಯೊಂದಿಗೆ ಇಟ್ಟೆ. ಬ್ಯಾಂಕಿನ ಕ್ರೆಡಿಟ್ ನಮ್ಮ ಪುಸ್ತಕದಲ್ಲಿ ಡೆಬಿಟ್ ಆಗುವುದರಿಂದ, ಚಿಹ್ನೆ ಒಂದೇ ರೀತಿ ಮಾಡಿಕೊಳ್ಳದೆ ಮುಂದಿನ ಕೆಲಸ ಆಗದು. ಕಾಲಂ ಕೂಡಿಸಿದಾಗ ಸೊನ್ನೆ ಬಂದರೆ ಡೌನ್‌ಲೋಡ್ ಮಾಡಿದ ಅಂಕಿಗಳು ಅಕ್ಷರಗಳಾಗಿ ಕೂತಿವೆ ಎಂದರ್ಥ. ಅವನ್ನು ಮೊದಲು ಸಂಖ್ಯೆಯಾಗಿಸಬೇಕು.

ಬರೀ ಮೊತ್ತ ನೋಡಿ ಹೊಂದಿಸಿದರೆ ಒಂದೇ ಮೊತ್ತ ಎರಡು-ಮೂರು ಸಲ ಬಂದಾಗ ಎಡವುತ್ತೇವೆ. ಅದಕ್ಕೆ ಮೊತ್ತದ ಪಕ್ಕದಲ್ಲಿ ಅದು ಎಷ್ಟನೇ ಸಲ ಬಂತು ಎಂಬುದನ್ನೂ ಅಂಟಿಸಿದೆ. ಮೊದಲ ಸಾಲು ಎರಡೂ ಹಾಳೆಯ D2ಗೆ, ಎರಡನೆಯದು `bank` ಹಾಳೆಯ E2ಗೆ:

```
=C2&"|"&COUNTIF(C$2:C2,C2)
=COUNTIF(book!D:D,D2)
```

ಕೊನೆಯ ಸಾಲಿನವರೆಗೂ ಎಳೆದು, E ಕಾಲಂನಲ್ಲಿ 0 ಬಂದವನ್ನು ಸೋಸಿದರೆ ಅವೇ ಜೋಡಿ ಸಿಗದವು. `book` ಹಾಳೆಯಲ್ಲಿ `bank!D:D` ಎಂದು ಬದಲಿಸಿ ಅದನ್ನೇ ಮಾಡಬೇಕು.

ಇಲ್ಲಿ ಒಂದು ಮೋಸ ಇದೆ. ಬ್ಯಾಂಕಿನಲ್ಲಿ ₹30,000 ಮೂರು ಸಲ ಜಮಾ ಆಗಿತ್ತು, ಪುಸ್ತಕದಲ್ಲಿ ಎರಡೇ ಸಲ. ಸೂತ್ರ ಮೂರನೆಯದನ್ನು, ಅಂದರೆ 28ನೇ ತಾರೀಖಿನದನ್ನು, ಒಂಟಿ ಎಂದು ತೋರಿಸಿತು. ಅದನ್ನು ನಂಬಿ ಆ ದಿನದ ಪಾರ್ಟಿಗೆ ಜಮಾ ಕೊಟ್ಟಿದ್ದರೆ ಬ್ಯಾಲೆನ್ಸ್ ಸರಿಹೋಗುತ್ತಿತ್ತು, ಪಾರ್ಟಿ ಖಾತೆ ಹಾಳಾಗುತ್ತಿತ್ತು. ಮೂರರ ಯುಟಿಆರ್ ನಂಬರನ್ನೂ ಟ್ಯಾಲಿಯ ವಿವರದೊಂದಿಗೆ ತಾಳೆ ನೋಡಿದಾಗ ಬಿಟ್ಟುಹೋಗಿದ್ದು 9ನೇ ತಾರೀಖಿನದು, ಬೇರೆಯೇ ಊರಿನ ಪಾರ್ಟಿ ನೆಫ್ಟ್ ಮಾಡಿದ್ದು. ಎಷ್ಟು ಎಂಟ್ರಿ ಕಡಿಮೆ ಎಂಬುದನ್ನಷ್ಟೇ ಸೂತ್ರ ಹೇಳುತ್ತದೆ. ಯಾವುದು ಎಂಬುದನ್ನು ಯುಟಿಆರ್ ಅಥವಾ ಚೆಕ್ ನಂಬರೇ ಹೇಳಬೇಕು.

ಬ್ಯಾಂಕಿನ ಕಡೆ ಉಳಿದ ಇನ್ನೊಂದು ಸಾಲು −16,000. ಗಿರಾಕಿಯ ಚೆಕ್ ಜಮಾ ಆಗಿ, ಎರಡು ದಿನ ಬಿಟ್ಟು ವಾಪಸ್ ಹೋಗಿತ್ತು. ಜಮಾ ಸಾಲಿಗೆ ಜೋಡಿ ಸಿಕ್ಕಿದ್ದರಿಂದ ವಾಪಸ್ ಸಾಲು ಮಾತ್ರ ಒಂಟಿಯಾಯಿತು. ಅದರ ಕೆಳಗೇ ₹295: ರಿಟರ್ನ್ ಚಾರ್ಜ್ 250, ಅದಕ್ಕೆ 18% ಜಿಎಸ್‌ಟಿ 45. ಗಿರಾಕಿಯ ಖಾತೆಗೆ 16,000 ಮತ್ತೆ ಡೆಬಿಟ್ ಹಾಕದಿದ್ದರೆ ಅವರು ಬಾಕಿ ಇಲ್ಲದವರಂತೆ ಕಾಣುತ್ತಾರೆ.

ಬ್ಯಾಂಕಿನಲ್ಲಿ −4,950, ಪುಸ್ತಕದಲ್ಲಿ −4,590. ಎರಡೂ ಒಂಟಿ, ತಾರೀಖು ಒಂದೇ. ವ್ಯತ್ಯಾಸ 360, ಅದು 9ರಿಂದ ಭಾಗವಾಗುತ್ತದೆ. ಅಂಕಿ ಅದಲುಬದಲಾದಾಗ ಹೀಗೇ ಆಗುತ್ತದೆ. ಆದರೂ ಇದು ಗುಮಾನಿ ಅಷ್ಟೆ, ವೋಚರ್ ತೆಗೆದು ನೋಡಿಯೇ ತಿದ್ದಬೇಕು. ಲಾರಿ ಬಾಡಿಗೆ ಬಿಲ್ಲಿನಲ್ಲಿ 4,950 ಇತ್ತು.

ಇವಿಷ್ಟು ಪುಸ್ತಕದ ತಪ್ಪುಗಳು. 4,18,640ಕ್ಕೆ 30,000 ಕೂಡಿಸಿ, 16,000, 295, 360 ಕಳೆದರೆ ₹4,31,985. ಪುಸ್ತಕದ ಕಡೆ ಇನ್ನೂ ಎರಡು ಸಾಲು ಒಂಟಿಯಾಗಿ ಉಳಿದವು, ಅವು ತಪ್ಪಲ್ಲ, ಬರೀ ತಡ. ಆಲೆಮನೆಯವರಿಗೆ ಕೊಟ್ಟ ₹38,500ರ ಚೆಕ್ಕನ್ನು ಅವರಿನ್ನೂ ಬ್ಯಾಂಕಿಗೆ ಹಾಕಿರಲಿಲ್ಲ. 31ರ ಸಂಜೆ ಬ್ಯಾಂಕಿನ ಡಬ್ಬಿಗೆ ಹಾಕಿದ ₹21,000ರ ಚೆಕ್ ನಮಗೆ ಜಮಾ ಆಗಿರಲಿಲ್ಲ. 38,500 ಕೂಡಿಸಿ 21,000 ಕಳೆದರೆ ₹4,49,485, ಸ್ಟೇಟ್‌ಮೆಂಟಿನ ಅಂಕಿ ಪೈಸೆ ಬಿಡದೆ ಬಂತು.

ಕೊನೆಗೆ ಒಂದಿಷ್ಟು ರೂಪಾಯಿ ಉಳಿದರೆ ಸಸ್ಪೆನ್ಸ್ ಖಾತೆಗೆ ತಳ್ಳುವ ಅಭ್ಯಾಸ ನನಗೆ ಇಷ್ಟವಿಲ್ಲ. ಸಣ್ಣ ಉಳಿಕೆಯ ಹಿಂದೆ ಎರಡು ದೊಡ್ಡ ತಪ್ಪುಗಳು ಒಂದನ್ನೊಂದು ಮುಚ್ಚಿಕೊಂಡಿರಬಹುದು.

ತಡದ ಸಾಲುಗಳಿಗೆ ಎಂಟ್ರಿ ಬೇಡ. ಟ್ಯಾಲಿಯಲ್ಲಿ ಬ್ಯಾಂಕ್ ತಾರೀಖನ್ನು ಖಾಲಿ ಬಿಟ್ಟರೆ ಅವು ಏಪ್ರಿಲ್ ಪಟ್ಟಿಗೆ ತಾವೇ ಬರುತ್ತವೆ. 21,000 ಏಪ್ರಿಲ್ ಮೊದಲ ವಾರದಲ್ಲಿ ಬರದಿದ್ದರೆ ಡಬ್ಬಿಗೆ ಹಾಕಿದ ಸ್ಲಿಪ್ಪಿನ ಅರ್ಧ ಹಿಡಿದು ಬ್ಯಾಂಕಿನಲ್ಲಿ ಕೇಳಬೇಕು. 38,500ರ ಚೆಕ್ಕಿನ ಮೇಲಿನ ತಾರೀಖಿನಿಂದ ಮೂರು ತಿಂಗಳು ಕಳೆದರೆ ಬ್ಯಾಂಕ್ ಹಣ ಕೊಡುವುದಿಲ್ಲ. ಆಗ ಬ್ಯಾಂಕಿಗೆ ಡೆಬಿಟ್, ಆಲೆಮನೆಯವರ ಖಾತೆಗೆ ಕ್ರೆಡಿಟ್ ಹಾಕಿ, ಅವರಿಗೊಂದು ಫೋನ್ ಮಾಡಿ ಹಳೇ ಚೆಕ್ ವಾಪಸ್ ತರಿಸಿಕೊಂಡೇ ಹೊಸದು ಬರೆಯಬೇಕು.